ಬಾಲ ಬಿಡದೆ ರಿಂಗು: ಎಂಟು ಪಟ್ಟಿಯಲ್ಲಿ ಇಪ್ಪತ್ನಾಲ್ಕು

ಹೋದ ಸೀಸನ್ನಿಗೆ ಮುಂಚೆ, ಅಡಿಕೆ ಬೇಯಿಸುವ ಒಲೆಗೆ ಕೂರಿಸಲು ಒಂದೇ ಅಳತೆಯ ಇಪ್ಪತ್ನಾಲ್ಕು ರಿಂಗು ಬೇಕೆಂದು ಒಬ್ಬರು ಆರ್ಡರ್ ಕೊಟ್ಟರು. ಐವತ್ತು ಎಂಎಂ ಅಗಲ, ಹನ್ನೆರಡು ಎಂಎಂ ದಪ್ಪದ ಫ್ಲಾಟು, ನಮ್ಮ ಭಾಷೆಯಲ್ಲಿ ಎರಡಿಂಚು ನಾಲ್ಕು ಸೂತಿನ ಪಟ್ಟಿ. ಹಂಡೆಯ ಕಂಠ ರಿಂಗಿನ ಮೇಲೆ ಕೂತು, ಹೊಟ್ಟೆ ಒಲೆಯೊಳಗೆ ಇಳಿಯಬೇಕು. ನಾನು ಎಂಟೇ ಪಟ್ಟಿ ತರಿಸಿದೆ. ಹುಬ್ಬಳ್ಳಿಯ ಅಂಗಡಿಯವರೇ ಫೋನಿನಲ್ಲಿ ಎರಡು ಸಲ ಕೇಳಿದರು, ಹನ್ನೆರಡಲ್ವಾ ಅಂತ. ಶಿರಸಿಯಲ್ಲಿ ನಮ್ಮ ಲೈನಿನಲ್ಲೇ ಶೆಡ್ ಇಟ್ಟುಕೊಂಡಿರುವ ಹಿರಿಯರೊಬ್ಬರು ಲಾರಿಯಿಂದ ಪಟ್ಟಿ ಇಳಿಯುವುದನ್ನು ನೋಡಿ, "ಬಾಲ ಬಿಡದೆ ರಿಂಗು ಮಾಡ್ತೀಯಾ? ಮೂತಿ ಚೂಪಾಗಿ ಬರ್ತದೆ ಮಾರಾಯ, ಆಮೇಲೆ ಗುಜರಿಗೆ ಹಾಕ್ತೀಯ" ಅಂದರು.

ಬಾಲ ಅಂದರೆ ಏನೆಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಮೂರು ರೋಲರಿನ ಮಷಿನ್ನು ಪಟ್ಟಿಯ ಎರಡೂ ತುದಿಯನ್ನು ಬಗ್ಗಿಸದೆ ಬಿಟ್ಟುಬಿಡುತ್ತದೆ. ನನ್ನ ಮಷಿನ್ನಿನಲ್ಲಿ ಕೆಳಗಿನ ರೋಲರುಗಳ ನಡುವೆ ಸುಮಾರು ಇನ್ನೂರು ಎಂಎಂ ಇದೆ, ಹಾಗಾಗಿ ಒಂದೊಂದು ತುದಿಯಲ್ಲಿ ನೂರರ ಹತ್ತಿರ ನೆಟ್ಟಗೆ ಉಳಿಯುತ್ತದೆ. ಎಲ್ಲರೂ ಮಾಡುವುದು ಇಷ್ಟೇ: ಇನ್ನೂರು ಹೆಚ್ಚಿಗೆ ಇಟ್ಟು ಕಟ್ ಮಾಡಿ, ರೋಲ್ ಆದಮೇಲೆ ಎರಡೂ ಬಾಲ ಕತ್ತರಿಸಿ ಎಸೆಯುವುದು. ನನಗೂ ಅದೇ ಅಭ್ಯಾಸ ಇತ್ತು. ಆದರೆ ಈ ರಿಂಗಿಗೆ ಬೇಕಾದ ಉದ್ದ 1960 ಎಂಎಂ. ಆರು ಮೀಟರಿನ ಪಟ್ಟಿಯಲ್ಲಿ ಮೂರು ಸರಿಯಾಗಿ ಬರುತ್ತದೆ. ಬಾಲ ಸೇರಿಸಿದರೆ 2160 ಆಗಿ ಎರಡೇ ಬರುತ್ತದೆ, 1680 ಎಂಎಂ ತುಂಡು ಮೂಲೆಗೆ ಬೀಳುತ್ತದೆ. ಹಾಗೆ ಹೆಚ್ಚಿಗೆ ಬೇಕಾಗುವ ನಾಲ್ಕು ಪಟ್ಟಿ ಅಂದರೆ ನೂರಾ ಹದಿಮೂರು ಕೆಜಿ. ಆವತ್ತಿನ ರೇಟಿನಲ್ಲಿ ಏಳು ಸಾವಿರದ ಆಸುಪಾಸು. ಇಡೀ ಆರ್ಡರಿನಲ್ಲಿ ನನ್ನ ಕೈಗೆ ಉಳಿಯುವುದೇ ಹೆಚ್ಚುಕಡಿಮೆ ಅಷ್ಟು.

ಈ 1960 ನನಗೆ ಪುಸ್ತಕದಿಂದ ಬಂದದ್ದಲ್ಲ, ತೇಪೆ ಹಾಕಿ ಹಾಕಿ ಬಂದದ್ದು. ಶೆಡ್ ಹಾಕಿದ ಹೊಸದರಲ್ಲಿ ಒಬ್ಬ ತೋಟದವರ ಹಂಡೆಗೆ ದಾರ ಸುತ್ತಿ ಅಳತೆ ತೆಗೆದು, ಅಷ್ಟೇ ಉದ್ದದ ಪಟ್ಟಿ ಕಟ್ ಮಾಡಿ ರಿಂಗು ಮಾಡಿದ್ದೆ. ಹಂಡೆ ಅದರೊಳಗೆ ಇಳಿಯಲೇ ಇಲ್ಲ. ಬೆಸುಗೆ ಕತ್ತರಿಸಿ, ಅಗಲಿಸಿ, ನಡುವೆ ಒಂದು ತುಂಡು ಸೇರಿಸಿ ಕೊಟ್ಟೆ. ಆ ತುಂಡು ಮೂವತ್ತೆಂಟು ಎಂಎಂ ಆಯ್ತು. ಮುಂದಿನ ಸಲ ದೊಡ್ಡ ಹಂಡೆ, ಅದೇ ದಪ್ಪದ ಪಟ್ಟಿ, ಅದೇ ತಪ್ಪು. ದೊಡ್ಡದಕ್ಕೆ ದೊಡ್ಡ ತೇಪೆ ಬೇಕಾಗಬಹುದು ಅಂದುಕೊಂಡಿದ್ದೆ. ಮತ್ತೆ ಮೂವತ್ತೆಂಟೇ! ಆರು ಎಂಎಂ ಪಟ್ಟಿಯ ಒಂದು ಸಣ್ಣ ರಿಂಗಿಗೆ ಹತ್ತೊಂಬತ್ತು ಸಾಕಾಯ್ತು. ತೇಪೆ ಕೇಳುತ್ತಿದ್ದದ್ದು ರಿಂಗು ಎಷ್ಟು ದೊಡ್ಡದು ಅಂತಲ್ಲ, ಪಟ್ಟಿ ಎಷ್ಟು ದಪ್ಪ ಅಂತ. ದಪ್ಪದ ಮೂರು ಪಟ್ಟು, ಮೇಲೆ ಒಂಚೂರು.

ಆಮೇಲೆ ಹಟಕ್ಕೆ ಬಿದ್ದು ಇನ್ನೊಂದು ತಪ್ಪು ಮಾಡಿದೆ. ಚಿಕ್ಕದಾಗುತ್ತದೆ ಅಂತ ಹೊರಗಿನ ವ್ಯಾಸ ಹಿಡಿದು ಲೆಕ್ಕ ಹಾಕಿದೆ. ಈಗ ರಿಂಗು ಹನ್ನೆರಡು ಎಂಎಂ ದೊಡ್ಡದಾಗಿ, ಹಂಡೆ ಒಂದು ಕಡೆ ವಾಲಿ ಕೂತಿತು. ಒಳಗಿನದ್ದೂ ಅಲ್ಲ, ಹೊರಗಿನದ್ದೂ ಅಲ್ಲ, ನಡುವಿನ ವ್ಯಾಸವೇ ಸರಿ ಅನ್ನುವುದು ಎರಡೂ ಕಡೆ ಏಟು ತಿಂದಮೇಲೆ ತಲೆಗೆ ಹೋಯ್ತು.

ಆದರೂ ಅನುಮಾನ ಇತ್ತು. ಒಂದು ಭಾನುವಾರ ಅದೇ ಹನ್ನೆರಡು ಎಂಎಂ ಪಟ್ಟಿಗೆ ಸೆಂಟರ್ ಪಂಚಿನಿಂದ ಗುರುತು ಹೊಡೆದೆ. ಹೊರಮೈಯಲ್ಲಿ, ಒಳಮೈಯಲ್ಲಿ, ಮತ್ತೆ ಅಂಚಿನ ಹನ್ನೆರಡು ಎಂಎಂ ದಪ್ಪದ ನಟ್ಟನಡುವೆ, ಮೂರು ಕಡೆಯೂ ಸರಿಯಾಗಿ ಒಂದೊಂದು ಮೀಟರ್ ಅಂತರದಲ್ಲಿ. ರೋಲ್ ಮಾಡಿ ತೆಳು ತಗಡಿನ ಪಟ್ಟಿ ಒತ್ತಿ ಹಿಡಿದು ಅಳೆದೆ. ಹೊರಗಿನದು 1019 ಆಗಿತ್ತು. ಒಳಗಿನದು ಕುಗ್ಗಿ 981. ನಡುವಿನ ಗುರುತು ಅರ್ಧ ಎಂಎಂ ಕೂಡ ಜರುಗಿರಲಿಲ್ಲ. ಹೊರಮೈ ಹಿಗ್ಗಿದಷ್ಟೇ ಒಳಮೈ ಕುಗ್ಗಿತ್ತು. ಪಟ್ಟಿಯ ದಪ್ಪಕ್ಕೆ ಹೋಲಿಸಿದರೆ ರಿಂಗು ಇಷ್ಟು ದೊಡ್ಡದಿರುವಾಗ ಹೀಗೆ. ಅದೇ ದಪ್ಪದ ಪಟ್ಟಿಯನ್ನು ಗೇಟಿನ ಕೊಂಡಿಯ ಹಾಗೆ ಬಿಗಿಯಾಗಿ ಬಗ್ಗಿಸಿದರೆ, ಉದ್ದ ಬದಲಾಗದ ಆ ಗೆರೆ ನಡುವಿನಿಂದ ಒಳಮೈ ಕಡೆಗೆ ಸರಿಯುತ್ತದೆ. ಆಗ ಈ ಲೆಕ್ಕ ನಂಬಬೇಡಿ, ಒಂದು ತುಂಡು ಬಗ್ಗಿಸಿ ನೋಡಿ.

ಈಗ ಈ ಆರ್ಡರಿನ ಲೆಕ್ಕ. ಹಂಡೆಗಳೆಲ್ಲ ಒಂದೇ ಅಳತೆ ಅಂತ ಹೇಳಿದ್ದರೂ ನಾನು ನಂಬಲಿಲ್ಲ. ತಾಮ್ರದ ಹಂಡೆ, ನೆಗ್ಗಿರುತ್ತವೆ, ಅಡ್ಡ ಟೇಪು ಹಿಡಿದರೆ ಒಂದು ಕಡೆ ಆರುನೂರು, ಇನ್ನೊಂದು ಕಡೆ ಆರುನೂರಾ ಹತ್ತು ತೋರಿಸುತ್ತದೆ. ಕಂಠದ ಕೆಳಗೆ ಸುತ್ತಳತೆ ತೆಗೆದೆ. ಅತಿ ದೊಡ್ಡದು 1904 ಬಂತು. 3.1416ರಿಂದ ಭಾಗಿಸಿದರೆ ವ್ಯಾಸ 606. ಸುತ್ತ ಮೂರು ಮೂರು ಎಂಎಂ ಸಡಿಲ ಬೇಕು, ಹಾಗಾಗಿ ರಿಂಗಿನ ಒಳವ್ಯಾಸ 612. ಅದಕ್ಕೆ ದಪ್ಪ ಒಂದೇ ಸಲ ಸೇರಿಸಿ, 624. ಅರ್ಧ ದಪ್ಪ ಈ ಕಡೆ, ಅರ್ಧ ಆ ಕಡೆ, ಒಟ್ಟು ಒಂದು ದಪ್ಪ. 624ನ್ನು 3.1416ರಿಂದ ಗುಣಿಸಿದರೆ 1960.

ಸಡಿಲ ಬಿಟ್ಟದ್ದು ತಾಮ್ರ ಬಿಸಿಗೆ ಹಿಗ್ಗುತ್ತದೆ ಅನ್ನುವ ಕಾರಣಕ್ಕೆ ಎಂದು ಕೆಲವರು ಅಂದುಕೊಂಡರು. ತಾಮ್ರ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದು ನಿಜ, ಆದರೆ ಒಳಗೆ ಕುದಿಯುವ ಚೊಗರು ಇರುವಾಗ ಈ ಅಳತೆಗೆ ಅದರ ವ್ಯತ್ಯಾಸ ಅರ್ಧ ಎಂಎಂ ಕೂಡ ಬರುವುದಿಲ್ಲ. ಸಡಿಲ ಬೇಕಾದದ್ದು ನೆಗ್ಗಿಗೆ, ಮಸಿಗೆ.

ಹಿಗ್ಗುವ ಮಾತು ಬಂತು ಅಂತ ಹೇಳುತ್ತೇನೆ. ನಮ್ಮೂರ ಆಚಾರ್ರು ಎತ್ತಿನ ಗಾಡಿಯ ಗಾಲಿಗೆ ಪಟ್ಟಾ ಹಾಕುತ್ತಿದ್ದದ್ದು ಇದರ ತದ್ವಿರುದ್ಧ. ಅಲ್ಲಿ ರಿಂಗು ಬೇಕೆಂದೇ ಗಿಡ್ಡ. ಕೆಂಪಗೆ ಕಾಸಿದರೆ ಕಬ್ಬಿಣ ಮೀಟರಿಗೆ ಏಳು ಎಂಎಂನಷ್ಟು ಹಿಗ್ಗುತ್ತದೆ, ನಾಲ್ಕಡಿ ಗಾಲಿಯ ಸುತ್ತಿಗೆ ಒಂದಿಂಚು. ಅದರಲ್ಲಿ ಒಂದು ಬೆರಳಗಲ ಕಡಿಮೆ ಮಾಡಿ ಕತ್ತರಿಸಿ, ಕಾಸಿ ಹಾಕಿ, ನೀರು ಹೊಯ್ದರೆ ಗಾಲಿಯ ಕೀಲೆಲ್ಲ ಕಚ್ಚಿಕೊಳ್ಳುತ್ತಿತ್ತು. ಅವರಿಗೆ ನನ್ನ ಲೆಕ್ಕ ತೋರಿಸಿದೆ. "ಅದೇ ಅಲ್ವೋ, ಒಳಗಿನ ಅಳತೆಗೆ ಒಂದು ದಪ್ಪ ಸೇರಿಸಿ ಮೂರೂ ಏಳನೇ ಒಂದು ಪಾಲು" ಅಂದುಬಿಟ್ಟರು. ಮೂರು ತೇಪೆ ಹಾಕುವ ಮೊದಲು ಅವರ ಹತ್ತಿರ ಹೋಗಿದ್ದರೆ ಆಗುತ್ತಿತ್ತು.

ಲೆಕ್ಕ ಸರಿಯಿದ್ದರೂ ಮೊದಲ ಎರಡು ರಿಂಗು ಹಾಳಾದವು. ತುದಿ ಬಗ್ಗಿಸಲು ನಾನು ಹಳೇ ದಪ್ಪ ರಿಂಗಿನ ತುಂಡೊಂದನ್ನು ಪ್ಲೇಟಿಗೆ ಬೆಸೆದು ಅಚ್ಚು ಮಾಡಿಕೊಂಡಿದ್ದೆ. ಪಟ್ಟಿಯ ತುದಿಯನ್ನು ಅದರ ಮೇಲಿಟ್ಟು ಇಪ್ಪತ್ತು ಟನ್ನಿನ ಜಾಕಿನಿಂದ ಒತ್ತುವುದು. ಅಚ್ಚಿನ ಬಾಗು ರಿಂಗಿನ ಬಾಗಿನಷ್ಟೇ ಇತ್ತು. ಜಾಕು ಬಿಟ್ಟ ಕೂಡಲೇ ಪಟ್ಟಿ ಹಿಂದಕ್ಕೆ ಚಿಮ್ಮಿ ಅರೆಬಾಗಿಗೆ ನಿಂತಿತು. ಅದನ್ನೇ ರೋಲ್ ಮಾಡಿ ಬೆಸೆದರೆ, ಆ ಹಿರಿಯರು ಹೇಳಿದ ಹಾಗೇ ಜೋಡಿನಲ್ಲಿ ಹಕ್ಕಿಯ ಕೊಕ್ಕು! ಅವರು ಬಂದು ನೋಡಿ ಏನೂ ಹೇಳಲಿಲ್ಲ, ಅದೇ ಹೆಚ್ಚು ಉರಿಯಿತು. ಅಚ್ಚು ಬೇಕಾದ್ದಕ್ಕಿಂತ ಬಿಗಿ ಬಾಗಿರಬೇಕು. ಎಷ್ಟು ಬಿಗಿ ಅನ್ನುವುದು ನಿಮ್ಮ ಪಟ್ಟಿ, ನಿಮ್ಮ ಜಾಕು ನೋಡಿ ನೀವೇ ಕಂಡುಕೊಳ್ಳಿ. ನಾನು ಅಚ್ಚನ್ನು ಬದಲಾಯಿಸಲೇ ಇಲ್ಲ, ಅದರ ಮೇಲೆ ಒಂದು ಶಿಮ್, ಅಂದರೆ ತೆಳು ತಗಡಿನ ತುಂಡು, ಇಡುತ್ತೇನೆ. ಅದರ ದಪ್ಪವನ್ನೂ ಜಾಗವನ್ನೂ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ರಿಂಗು ಕೊಟ್ಟಿದ್ದೇನೆ.

ಮೂರನೆಯದು ದುಂಡಗೆ ಬಂತು. ಹೊರಗೆ ಟೇಪು ಸುತ್ತಿದೆ. ಹೊರವ್ಯಾಸ 636 ಆಗಬೇಕು, ಅಂದರೆ ಸುತ್ತು 1998. ಬಂದದ್ದು 2000. ಬೆಸುಗೆಗೆ ಮೂರು ಎಂಎಂ ಸಂದು ಬಿಟ್ಟಿದ್ದೆ, ಬೆಸುಗೆ ಆರುವಾಗ ಒಂದು ಎಂಎಂ ಎಳೆದುಕೊಂಡಿತ್ತು, ಉಳಿದ ಎರಡು ಸುತ್ತಿಗೆ ಸೇರಿಕೊಂಡಿತ್ತು. ಅಲ್ಲಿಂದ 1958ಕ್ಕೆ ಕಟ್ ಮಾಡಿದೆ. ನಿಜ ಹೇಳಬೇಕೆಂದರೆ ಒಲೆಯ ರಿಂಗಿಗೆ ಇದು ಲೆಕ್ಕಕ್ಕೇ ಇಲ್ಲ. ಉದ್ದದಲ್ಲಿ ಮೂರು ಎಂಎಂ ತಪ್ಪಿದರೆ ವ್ಯಾಸದಲ್ಲಿ ಒಂದು ತಪ್ಪುತ್ತದೆ ಅಷ್ಟೇ. ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುವವರು ಆ ಮೂರನ್ನು ಗೆರೆಯ ದಪ್ಪದಲ್ಲೇ ಕಳೆದಿರುತ್ತಾರೆ. ಆದರೆ ಒಂದು ಪಟ್ಟಿಯಲ್ಲಿ ಮೂರು ತುಂಡು ಬರಬೇಕಾದಾಗ, ಕಟಿಂಗ್ ಚಕ್ರ ಒಂದೊಂದು ಸಲಕ್ಕೂ ಮೂರು ಎಂಎಂ ತಿನ್ನುವಾಗ, ನನಗೆ ಅದು ಬೇಕಿತ್ತು. ಪಟ್ಟಿಗಳೂ ಆರು ಮೀಟರ್ ಅಂತ ಹೇಳಿಸಿಕೊಂಡು ಗಿಡ್ಡ ಬರುವುದುಂಟು. ಇಳಿಸುವಾಗಲೇ ಅಳೆದೆ, ಒಂದನ್ನು ವಾಪಸ್ ಕಳಿಸಿ ಬದಲಿ ತರಿಸಿದೆ.

ಆರನೆಯ ರಿಂಗಿನಲ್ಲಿ ಹುಡುಗ ಓಡಿ ಬಂದ. "ಅಣ್ಣ, ಇದು ಉದ್ದ ಆಗಿದೆ, 620 ತೋರಿಸ್ತಾ ಇದೆ, ಕತ್ತರಿಸ್ಲಾ?" ಗ್ರೈಂಡರ್ ಕೈಯಲ್ಲೇ ಇತ್ತು. ನಿಲ್ಲು ಅಂದು ಹೊರಗೆ ಟೇಪು ಸುತ್ತಿಸಿದೆ, 1998. ಇನ್ನೊಂದು ಕಡೆ ಅಡ್ಡ ಅಳೆಸಿದೆ, 604. ಉದ್ದ ಸರಿಯಿತ್ತು, ರಿಂಗು ಮೊಟ್ಟೆಯಾಗಿತ್ತು. ಸುತ್ತಳತೆ ಹೇಳುವುದು ಪಟ್ಟಿಯ ಉದ್ದ, ಅಡ್ಡ ಅಳತೆ ಹೇಳುವುದು ಆಕಾರ. ಮೊದಲನೆಯದು ಸರಿಯಿದ್ದರೆ ಕತ್ತರಿಸುವ ಮಾತೇ ಇಲ್ಲ. ಬೆಸುಗೆಯ ಉಬ್ಬು ತಿಕ್ಕಿ, ಮತ್ತೆ ರೋಲಿಗೆ ಹಾಕಿ ಎರಡು ಸುತ್ತು ತಿರುಗಿಸಿದರೆ ದುಂಡಗಾಗುತ್ತದೆ. ಈ ಒಂದು ವಿಷಯಕ್ಕೆ ನಾನು ಹಿಂದೆ ಎಷ್ಟು ಒಳ್ಳೆಯ ರಿಂಗು ಕತ್ತರಿಸಿ ಹಾಳುಮಾಡಿದ್ದೆನೋ.

ಎಲ್ ಆಕಾರದ ಆಂಗ್ಲಿಗೆ ಮಾತ್ರ ಈ ಅರ್ಧ ದಪ್ಪದ ಲೆಕ್ಕ ಹಿಡಿಯಬೇಡಿ. ಐವತ್ತರ ಆರು ಎಂಎಂ ಆಂಗ್ಲಿನಲ್ಲಿ ಉದ್ದ ಬದಲಾಗದ ಗೆರೆ ಮೂಲೆಯಿಂದ ಹದಿನಾಲ್ಕೂವರೆ ಎಂಎಂ ದೂರದಲ್ಲಿದೆ. ಒಂದು ಕಾಲು ಹೊರಗೆ ಚಾಚಿದ್ದರೆ ಒಳವ್ಯಾಸಕ್ಕೆ ಅದರ ಎರಡರಷ್ಟು, ಇಪ್ಪತ್ತೊಂಬತ್ತು ಸೇರಿಸಬೇಕು. ನಾನು ಆರು ಸೇರಿಸಿ ಒಂದು ಟ್ಯಾಂಕಿನ ರಿಂಗು ಕೆಡಿಸಿಕೊಂಡೆ. ಅದು ರೋಲಿನಲ್ಲಿ ತಿರುಚಿಕೊಳ್ಳುವ ಕಥೆ ಬೇರೆಯೇ ಇದೆ.

ಹಾಳಾದ ಎರಡನ್ನೂ ಜೋಡಿನ ಹತ್ತಿರ ಕಾಸಿ ಬಡಿದು ದುಂಡಗೆ ಮಾಡಿಕೊಂಡೆ, ಅರ್ಧ ದಿನ ಹೋಯಿತು. ಎಂಟು ಪಟ್ಟಿಯಲ್ಲಿ ಇಪ್ಪತ್ನಾಲ್ಕು ರಿಂಗೂ ಆಯಿತು. ನಾಲ್ಕೂವರೆ ಇಂಚಿನ ಎಂಟು ತುಂಡು ಉಳಿದವು, ಅವುಗಳಲ್ಲಿ ಕೆಲವು ರಿಂಗುಗಳಿಗೆ ಹಿಡಿಕೆಯಾದವು. ಹೋದ ವಾರ ಆ ಹಿರಿಯರು ಆಳನ್ನು ಕಳಿಸಿ, ಎರಡು ದಿನದ ಮಟ್ಟಿಗೆ ಅಚ್ಚು ಬೇಕಂತೆ ಅಂತ ಕೇಳಿಸಿದರು. ಕೊಟ್ಟು ಕಳಿಸಿದೆ. ಶಿಮ್ ನನ್ನ ಡ್ರಾಯರಿನಲ್ಲೇ ಇದೆ.