590 ರೂಪಾಯಿ ಬಾಕಿ ಮತ್ತು ಭಾವನ ಸಿಬಿಲ್

2025ರ ಜನವರಿಯಲ್ಲಿ ಹೊಳಲ್ಕೆರೆಯಿಂದ ಭಾವ ಫೋನ್ ಮಾಡಿದರು. ತೋಟಕ್ಕೆ ಹೊಸ ಪಂಪು, ಪೈಪು ಹಾಕಿಸಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಮ್ಯಾನೇಜರ್ ಅರ್ಜಿ ಪಕ್ಕಕ್ಕಿಟ್ಟಿದ್ದರಂತೆ.

"ಅಲ್ಲಪ, ನಿನ್ನ ಸಾಲ ಇನ್ನೂ ಮುಗಿದಿಲ್ಲಂತೆ. ನನ್ನ ಸಿಬಿಲ್‌ನಾಗೆ ಬಾಕಿ ಅಂತ ತೋರಿಸ್ತಾ ಐತಿ" ಅಂದರು. ಸಿಬಿಲ್ ಅಂದರೆ ಯಾರು ಯಾವ ಸಾಲ ಹೇಗೆ ಕಟ್ಟಿದರು ಅನ್ನುವ ಲೆಕ್ಕ ಇಡುವ ಸಂಸ್ಥೆ.

ನನಗೆ ಕೈಕಾಲೇ ಆಡಲಿಲ್ಲ. ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು ಮಾಡುತ್ತೇವೆ. 2021ರಲ್ಲಿ ವೆಲ್ಡಿಂಗ್ ಮತ್ತು ಕಟಿಂಗ್ ಮಷಿನ್‌ಗೆ ಒಂದು ಫೈನಾನ್ಸ್ ಕಂಪನಿಯಿಂದ ಒಂದೂವರೆ ಲಕ್ಷ ತೆಗೆದುಕೊಂಡಿದ್ದೆ. ತಿಂಗಳಿಗೆ 5,274 ರೂಪಾಯಿಯಂತೆ 36 ಕಂತು. ನನ್ನ ಜೊತೆ ಸಹ ಅರ್ಜಿದಾರರಾಗಿ ಸಹಿ ಹಾಕಿದವರು ಭಾವ. ಕೊನೆಯ ಕಂತು 2024ರ ಮಾರ್ಚ್ 5ಕ್ಕೆ ನನ್ನ ಬ್ಯಾಂಕ್ ಖಾತೆಯಿಂದ ಕಟ್ ಆಯಿತು. ಅವತ್ತು ಮನೆಯಲ್ಲಿ ಸಿಹಿ ಮಾಡಿಸಿದ್ದೆ. ಕಂಪನಿಯಿಂದ ಯಾವ ಪತ್ರವೂ ಬರಲಿಲ್ಲ. ನಾನೂ ಕೇಳಲಿಲ್ಲ. ಆ ತಪ್ಪು ನನ್ನದೇ.

ಭಾವ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಪ್ರತಿ ಸಲ ಸಾಲ ತೀರಿಸಿದಾಗಲೂ ಬೇಬಾಕಿ ಪತ್ರ ತೆಗೆದುಕೊಳ್ಳದೆ ಎದ್ದು ಬರುವವರಲ್ಲ. "ಅಂಥದ್ದೇ ಒಂದು ಪತ್ರ ನೀನೂ ತಗಂಡಿದ್ಯೇನು?" ಅಂತ ಕೇಳಿದರು. ನನ್ನ ಬಳಿ ಇರಲಿಲ್ಲ.

ಅವತ್ತು ರಾತ್ರಿಯೇ ಸಿಬಿಲ್ ಸೈಟಿನಲ್ಲಿ ನನ್ನ ವರದಿ ತೆಗೆದೆ. ವರ್ಷಕ್ಕೆ ಒಂದು ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನನ್ನ ಸಾಲದ ಜಾಗಕ್ಕೆ ಹೋದರೆ `Date Closed` ಖಾಲಿ ಇತ್ತು. `Amount Overdue` ಮುಂದೆ ಮೊತ್ತ ಇತ್ತು. ಕೆಳಗೆ ತಿಂಗಳು ತಿಂಗಳಿಗೂ ಒಂದೊಂದು ಚೌಕ ಇರುತ್ತದೆ. ಅದರಲ್ಲಿ `000` ಇದ್ದರೆ ಆ ತಿಂಗಳು ತಡ ಆಗಿಲ್ಲ ಅಂತ. ನನ್ನದರಲ್ಲಿ 2024ರ ಮಾರ್ಚ್‌ನಿಂದ ಸಂಖ್ಯೆ ಏರುತ್ತಾ ಹೋಗಿತ್ತು. ಅದು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ. ಬಾಕಿ ಐನೂರು ಇರಲಿ, ಐವತ್ತು ಸಾವಿರ ಇರಲಿ, ಈ ದಿನದ ಲೆಕ್ಕ ಒಂದೇ ರೀತಿ ಓಡುತ್ತದೆ. ಜಂಟಿ ಸಾಲ ಆದ್ದರಿಂದ ಅದೇ ಸಾಲು ಭಾವನ ವರದಿಯಲ್ಲೂ ಕೂತಿತ್ತು.

ಮರುದಿನ ಕಂಪನಿಯ ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಸ್ಕ್ರೀನ್ ನೋಡಿ "1,770 ಕಟ್ಟಿದ್ರೆ ಮುಗಿಯುತ್ತೆ ಸಾರ್" ಅಂದ. ನಾನು ತಕ್ಷಣ ಕಟ್ಟಲಿಲ್ಲ. ಯಾವುದರ ಬಾಕಿ ಅಂತ ಗೊತ್ತಾಗದೆ ಕಟ್ಟಿದರೆ ನಾಳೆ ಇನ್ನೊಂದು ಬಾಕಿ ಹೊರಗೆ ಬರಬಹುದು, ಅಲ್ವಾ? ಸಾಲ ಶುರುವಾದ ದಿನದಿಂದ ಇವತ್ತಿನವರೆಗಿನ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ ಅಂದೆ. ನಾಲ್ಕು ಪುಟ ಪ್ರಿಂಟ್ ಕೊಟ್ಟರು. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದು ಸಾಲನ್ನೂ ಪೆನ್ನಿನಿಂದ ಗುರುತು ಹಾಕುತ್ತಾ ಓದಿದೆ.

ಉತ್ತರ 19ನೇ ಕಂತಿನಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ ಖಾತೆಯಲ್ಲಿ ದುಡ್ಡು ಕಡಿಮೆ ಬಿದ್ದು ಒಂದು ಕಂತು ಬೌನ್ಸ್ ಆಗಿತ್ತು. ಎರಡು ದಿನದಲ್ಲಿ ಕಂತಿನ ಹಣ ಆನ್‌ಲೈನ್ ಕಟ್ಟಿದ್ದೆ. ಆದರೆ ಬೌನ್ಸ್ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590 ರೂಪಾಯಿ ಹಾಗೇ ಉಳಿದಿತ್ತು. ಕೊನೆಯ ಕಂತು ಬಂದಾಗ ಅವರ ಸಿಸ್ಟಂ 5,274ರಲ್ಲಿ ಮೊದಲು ಆ 590 ಮುರಿದುಕೊಂಡಿತು. ಮಿಕ್ಕ 4,684 ಮಾತ್ರ ಕಂತಿಗೆ ಜಮಾ ಆಯಿತು. ಅಂದರೆ ನಾನು ಪೂರ್ತಿ ಕಟ್ಟಿದ್ದೇನೆ ಅಂದುಕೊಂಡ ಕೊನೆಯ ಕಂತಿನಲ್ಲಿ 590 ಕಮ್ಮಿ! ಅವಧಿ ಮುಗಿದಿದ್ದರಿಂದ ಆಮೇಲೆ ಖಾತೆಯಿಂದ ಹಣ ಎಳೆಯಲೂ ಇಲ್ಲ. ಅದರ ಮೇಲೆ ಎರಡು ಸಲ ತಡದ ಶುಲ್ಕ, ತೆರಿಗೆ ಸೇರಿ 1,180. ಎಲ್ಲ ಕೂಡಿಸಿದರೆ 1,770. ಲೆಕ್ಕ ಸರಿಹೋಯಿತು, ಮನಸ್ಸು ಮಾತ್ರ ಸರಿಹೋಗಲಿಲ್ಲ. ಆ ಹತ್ತು ತಿಂಗಳಲ್ಲಿ ಒಂದು ಫೋನ್ ಬಂದಿದ್ದರೂ ಅವತ್ತೇ ಕಟ್ಟುತ್ತಿದ್ದೆ.

ಬೇಜಾರು ತೋಡಿಕೊಂಡಾಗ ಒಳಗಿನ ಅಧಿಕಾರಿ ಒಂದು ದಾರಿ ಹೇಳಿದರು. "ದಂಡ ಬಿಡ್ತೀವಿ. 590 ಮಾತ್ರ ಕಟ್ಟಿ, ಸೆಟಲ್‌ಮೆಂಟ್ ಅಂತ ಹಾಕಿ ಮುಗಿಸಿಬಿಡೋಣ." ಕೇಳಲು ಚೆನ್ನಾಗಿತ್ತು. ಆದರೆ ಆ ಒಂದು ಪದಕ್ಕೆ ನಾನು ಹೆದರಿದೆ. ವರದಿಯಲ್ಲಿ `Closed` ಬಂದರೆ ಸಾಲ ಪೂರ್ತಿ ತೀರಿದೆ ಅಂತ ಅರ್ಥ. `Settled` ಬಂದರೆ ಸಾಲಗಾರ ಪೂರ್ತಿ ಕಟ್ಟಲಿಲ್ಲ, ಕಂಪನಿ ಒಂದಷ್ಟು ಬಿಟ್ಟುಕೊಟ್ಟು ಕೈತೊಳೆದುಕೊಂಡಿತು ಅಂತ ಮುಂದಿನ ಬ್ಯಾಂಕು ಓದುತ್ತದೆ. ದಂಡ ಬಿಟ್ಟರೂ ವರದಿಯಲ್ಲಿ `Closed` ಅಂತಲೇ ಕಳಿಸುತ್ತೇವೆ ಎಂದು ಬರೆದುಕೊಡಿ ಅಂದೆ. ಬರೆದುಕೊಡಲು ಒಪ್ಪಲಿಲ್ಲ. ಹಾಗಾಗಿ 1,180 ಉಳಿಸುವ ಆಸೆ ಬಿಟ್ಟು ಪೂರ್ತಿ 1,770 ಕಟ್ಟಿದೆ. ನಾನಷ್ಟೇ ಆಗಿದ್ದರೆ ಇನ್ನೂ ಜಗಳ ಆಡುತ್ತಿದ್ದೆನೇನೋ. ಭಾವನ ಹೆಸರೂ ಅದರಲ್ಲಿ ಇತ್ತಲ್ಲ.

ಹಣವನ್ನು ಯಾರ ಕೈಗೂ ಕೊಡಲಿಲ್ಲ. ಸಾಲದ ಖಾತೆ ನಂಬರ್ ಹಾಕಿ ಕಂಪನಿಯ ಸೈಟಿನಲ್ಲೇ ಕಟ್ಟಿ, ರಸೀದಿ ಇಳಿಸಿಕೊಂಡೆ. ಅದು ಜನವರಿ 20. ಅದೇ ದಿನ ಇಮೇಲ್‌ನಲ್ಲಿ ನೋ ಡ್ಯೂಸ್ ಪತ್ರ ಕೇಳಿದೆ. ಬಾಯಲ್ಲಿ ಕೇಳಿದರೆ ಯಾವತ್ತು ಕೇಳಿದ್ದು ಅನ್ನುವುದಕ್ಕೆ ದಾಖಲೆ ಇರುವುದಿಲ್ಲ.

ಒಂಬತ್ತು ದಿನಕ್ಕೆ ಪತ್ರ ಬಂತು. ಖುಷಿಯಿಂದ ಫೈಲಿಗೆ ಹಾಕುವ ಮೊದಲು ಹೆಂಡತಿ ಅದನ್ನು ಸ್ಟೇಟ್‌ಮೆಂಟ್ ಪಕ್ಕ ಇಟ್ಟು ಓದಿದಳು. ಸಾಲದ ನಂಬರಿನಲ್ಲಿ ಕೊನೆಯ ಎರಡು ಅಂಕಿ ಹಿಂದುಮುಂದಾಗಿದ್ದವು. ಭಾವನ ಹೆಸರು ಇರಲೇ ಇಲ್ಲ. ಸಾಲ ಯಾವ ದಿನ ಮುಗಿಯಿತು ಅಂತಲೂ ಇರಲಿಲ್ಲ. "ನಿಮ್ಮಿಂದ ಯಾವ ಬಾಕಿಯೂ ಇಲ್ಲ" ಅಂತ ಒಂದು ಸಾಲು, ಅಷ್ಟೇ. ಇಂಥ ಪತ್ರ ಹಿಡಿದು ಹೋದರೆ ಇದು ಬೇರೆ ಸಾಲದ್ದು ಅಂತ ಬ್ಯಾಂಕಿನವರು ಹೇಳಿದರೆ ನಾನು ಏನು ಹೇಳಲಿ? ತಪ್ಪುಗಳನ್ನು ಬರೆದು ವಾಪಸ್ ಕಳಿಸಿದೆ. ಫೆಬ್ರವರಿ 6ಕ್ಕೆ ತಿದ್ದಿದ ಪತ್ರ ಬಂತು. ಅದರಲ್ಲಿ ಸರಿಯಾದ ನಂಬರು, ಇಬ್ಬರ ಹೆಸರು, ಜನವರಿ 20ಕ್ಕೆ ಪೂರ್ತಿ ಹಣ ಪಾವತಿಯಾಗಿ ಸಾಲ ಮುಗಿದಿದೆ ಅನ್ನುವ ಮಾತು, ಬಾಕಿ ಸೊನ್ನೆ, ತಾರೀಕು, ಸಹಿ, ಸೀಲು ಎಲ್ಲ ಇತ್ತು.

ಪತ್ರ ಬಂದ ಮಾತ್ರಕ್ಕೆ ಸಿಬಿಲ್ ಬದಲಾಗುವುದಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಪತ್ರ ನಮ್ಮ ಕೈಗೆ ಬರುತ್ತದೆ. ದಾಖಲೆಯನ್ನು ಕಂಪನಿಯೇ ಬೇರೆಯಾಗಿ ಕಳಿಸಬೇಕು. ಅದೂ ಒಂದು ಕಡೆಗಲ್ಲ, ನಾಲ್ಕು ಕಡೆಗೆ. ಸಿಬಿಲ್ ಅಂತ ನಾವು ಸುಮ್ನೆ ಹೇಳುತ್ತೇವೆ, ಆದರೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಇನ್ನೂ ಮೂರು ಸಂಸ್ಥೆಗಳು ಇದೇ ಲೆಕ್ಕ ಇಡುತ್ತವೆ. ಯಾವ ಬ್ಯಾಂಕು ಯಾವುದನ್ನು ನೋಡುತ್ತದೆ ಅಂತ ನಮಗೆ ಮೊದಲೇ ತಿಳಿಯುವುದಿಲ್ಲ. 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಿಂಗಳಿಗೆ ಎರಡು ಸಲ, 15ನೇ ತಾರೀಕಿನ ಮತ್ತು ತಿಂಗಳ ಕೊನೆಯ ಲೆಕ್ಕವನ್ನು ಕಳಿಸಬೇಕಿತ್ತು. ಕಳಿಸಲು ಏಳು ದಿನ. ನಾನು ಜನವರಿ 20ಕ್ಕೆ ಕಟ್ಟಿದ್ದು ಜನವರಿ 31ರ ಲೆಕ್ಕಕ್ಕೆ ಸೇರಬೇಕು. ಆದ್ದರಿಂದ ಫೆಬ್ರವರಿ 15ರವರೆಗೆ ಕಾದು ನೋಡಿದೆ. ಅವಸರದಲ್ಲಿ ದಿನಾ ತೆಗೆದು ನೋಡಿದರೆ ಹಳೆಯದೇ ಕಾಣುತ್ತದೆ, ಪುಕ್ಕಟೆ ವರದಿಯೂ ಖರ್ಚಾಗಿ ಹೋಗುತ್ತದೆ. ಸಿಬಿಲ್‌ನದು ನಾನು ಜನವರಿಯಲ್ಲೇ ಬಳಸಿದ್ದೆ, ಎರಡನೇ ಸಲಕ್ಕೆ ದುಡ್ಡು ಕೊಟ್ಟೆ. ಉಳಿದ ಮೂರನ್ನು ಪುಕ್ಕಟೆಯಾಗಿಯೇ ತೆಗೆದೆ.

ನನ್ನ ನಾಲ್ಕೂ ವರದಿ ಸರಿಯಾಗಿದ್ದವು. `Current Balance` ಸೊನ್ನೆ, `Date Closed` ಮುಂದೆ ಜನವರಿ 20. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಭಾನುವಾರ ಹೊಳಲ್ಕೆರೆಗೆ ಹೋಗಿ ಭಾವನ ಮೊಬೈಲ್‌ನಲ್ಲಿ ಅವರ ವರದಿಗಳನ್ನೂ ತೆಗೆದೆವು. ಮೂರರಲ್ಲಿ ಸರಿ. ಒಂದರಲ್ಲಿ ಸಾಲ ಇನ್ನೂ ತೆರೆದೇ ಇತ್ತು, ಬಾಕಿಯೂ ಹಾಗೇ ಇತ್ತು. ಒಂದೇ ಸಾಲವಾದರೂ ಇಬ್ಬರ ದಾಖಲೆ ಬೇರೆ ಬೇರೆಯಾಗಿ ಕೂರುತ್ತದೆ. ನನ್ನದು ಸರಿಯಾದರೆ ಅವರದೂ ಆಯಿತು ಅಂತ ನಂಬುವ ಹಾಗಿಲ್ಲ. ಅಕ್ಕ ಊಟಕ್ಕೆ ಕರೆಯುತ್ತಲೇ ಇದ್ದಳು, ನಾವಿಬ್ಬರೂ ಎದ್ದಿರಲಿಲ್ಲ.

ಫೆಬ್ರವರಿ 17ಕ್ಕೆ ಆ ಸಂಸ್ಥೆಯ ಸೈಟಿನಲ್ಲಿ ಭಾವನ ಲಾಗಿನ್‌ನಿಂದಲೇ ದೂರು ಹಾಕಿದೆವು. ಅವರ ವರದಿಗೆ ಅವರೇ ಕೇಳಬೇಕು, ನನ್ನ ಖಾತೆಯಿಂದ ಆಗುವುದಿಲ್ಲ. "ತಪ್ಪಾಗಿದೆ, ಸರಿ ಮಾಡಿ" ಅಂತ ಬರೆದರೆ ಸಾಲದು. ಯಾವ ಸಾಲ, ಯಾವ ಕಾಲಂ, ಈಗ ಏನಿದೆ, ಏನಿರಬೇಕು ಅಂತ ಬರೆದು ತಿದ್ದಿದ ಪತ್ರ ಮತ್ತು ರಸೀದಿ ಸೇರಿಸಿದೆವು. ಆ ಸಂಸ್ಥೆ ನಮ್ಮ ಪತ್ರ ನೋಡಿ ತಾನೇ ತಿದ್ದುವಂತಿಲ್ಲ. ಸಾಲ ಕೊಟ್ಟ ಕಂಪನಿಯನ್ನು ಕೇಳಬೇಕು, ಕಂಪನಿ ಹೌದು ಅನ್ನಬೇಕು. ಅದಕ್ಕೇ ಅದೇ ದಿನ ಅದೇ ಕಾಗದಗಳನ್ನು ಕಂಪನಿಗೂ ಇಮೇಲ್ ಮಾಡಿದೆವು. ಕಂಪನಿಗೆ 21 ದಿನ, ಎಲ್ಲ ಸೇರಿ 30 ದಿನದ ಗಡುವು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕು. ಅದೂ ಆಗದಿದ್ದರೆ `cms.rbi.org.in` ನಲ್ಲಿ ಓಂಬುಡ್ಸ್‌ಮನ್‌ಗೆ, ಅಂದರೆ ರಿಸರ್ವ್ ಬ್ಯಾಂಕಿನ ಕಡೆಯಿಂದ ದೂರು ವಿಚಾರಿಸುವ ಅಧಿಕಾರಿಗೆ ಬರೆಯಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮಾರ್ಚ್ 11ಕ್ಕೆ ಭಾವನ ವರದಿಯೂ ಸರಿಯಾಯಿತು.

ಒಂದು ಮಾತ್ರ ಹೋಗಲಿಲ್ಲ. ತಿಂಗಳ ಚೌಕಗಳಲ್ಲಿದ್ದ ತಡದ ಸಂಖ್ಯೆಗಳು. 590 ರೂಪಾಯಿ ನಿಜವಾಗಿಯೂ ಬಾಕಿ ಇತ್ತು, ಆದ್ದರಿಂದ ಅದು ತಪ್ಪು ಮಾಹಿತಿ ಅಂತ ದೂರು ಕೊಡಲು ಆಧಾರ ಇಲ್ಲ. ಸಾಲ ಮುಗಿದರೂ ಹಳೆಯ ತಿಂಗಳು ಹಾಗೇ ಕಾಣುತ್ತವೆ. ಸಿಬಿಲ್ ಅಂಕವೂ ಒಂದೇ ದಿನಕ್ಕೆ ಏರಲಿಲ್ಲ. ಈ ವಿಷಯ ಭಾವನಿಗೆ ಹೇಳುವಾಗ ನನಗೆ ತಲೆ ಎತ್ತಲು ಆಗಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ.

ಬ್ಯಾಂಕಿಗೆ ಇಬ್ಬರೂ ಹೋದೆವು. ಹೊಸ ವರದಿ, ನೋ ಡ್ಯೂಸ್ ಪತ್ರ, ಜೊತೆಗೆ ಸ್ಟೇಟ್‌ಮೆಂಟಿನಲ್ಲಿ 19ನೇ ಕಂತು ಮತ್ತು ಕೊನೆಯ ಕಂತಿನ ಸಾಲುಗಳಿಗೆ ಗುರುತು ಹಾಕಿ ಕೊಟ್ಟೆವು. ತಡ ಯಾಕಾಯಿತು ಅಂತ ಭಾವ ಅರ್ಧ ಪುಟ ಬರೆದು ಸಹಿ ಹಾಕಿದರು. ಮ್ಯಾನೇಜರ್ ಆ ಎರಡು ಸಾಲನ್ನು ಬಹಳ ಹೊತ್ತು ನೋಡಿದರು. "ಇದು ಮೊದಲೇ ತಂದಿದ್ರೆ ಅರ್ಜಿ ನಿಲ್ತಿರಲಿಲ್ಲ" ಅಂದರು. ಏಪ್ರಿಲ್‌ನಲ್ಲಿ ಪಂಪಿನ ಸಾಲ ಮಂಜೂರಾಯಿತು.

ನನ್ನ ಗೂಡ್ಸ್ ಆಟೊ ಸಾಲಕ್ಕೆ ಇನ್ನು ಮೂರು ಕಂತು ಇದೆ. ಅದಕ್ಕೂ ಭಾವನದೇ ಸಹಿ. ಸ್ಟೇಟ್‌ಮೆಂಟ್ ಈಗಲೇ ತರಿಸಿದ್ದೇನೆ, ಶುಲ್ಕದ ಕಾಲಂ ಒಂದೊಂದು ಪುಟದಲ್ಲೂ ನೋಡಿದ್ದೇನೆ. ಸೊನ್ನೆ ಇದೆ.