ಬಾಣಲೆ ಮುಂದೆ ಹತ್ತು ನಿಮಿಷ: ಹೊಸ ಹುಡುಗರಿಗೆ ನಾನು ಹೇಳುವ ಮಾತು

ಹೊಸ ಹೆಲ್ಪರ್‌ಗಳಿಗೆ ಪಾಠ ಹೇಳಿ ಉಪಯೋಗ ಇಲ್ಲ, ಎರಡು ಸಲ ಕೈ ಸುಟ್ಟುಕೊಂಡರೆ ತಾನಾಗಿ ಕಲೀತಾರೆ ಅನ್ನೋದು ನಮ್ಮ ಲೈನಿನ ಹಳಬರ ಮಾತು. ನಮ್ಮ ಸೂಪರ್‌ವೈಸರ್ ಕೂಡ ಅದನ್ನೇ ಹೇಳುತ್ತಿದ್ದರು. ಈಗ ಪಕ್ಕದ ಯೂನಿಟ್ಟಿನ ಕ್ಯಾಂಟೀನಿನವರು ಬಂದು ‘ಅಣ್ಣಾ, ಅದೇನು ಹೇಳ್ತೀರಿ ನಮಗೂ ಹೇಳಿ’ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪೀಣ್ಯ ಕಡೆಯ ಕಾರ್ಖಾನೆ ಕ್ಯಾಂಟೀನ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಶಿಫ್ಟ್ ಬದಲಾಗುವಾಗ ಬಜ್ಜಿ ಇಲ್ಲವೇ ವಡೆ. ಸುಮಾರು ಆರುನೂರು ಜನ ತಿನ್ನುತ್ತಾರೆ. ಹುಡುಗರು ನಿಲ್ಲುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬರಲ್ಲ. ಅವರ ಜಾಗಕ್ಕೆ ರಾಯಚೂರು, ಬಿಹಾರ, ಒಡಿಶಾ ಕಡೆಯಿಂದ ಹೊಸಬರು ಬರುತ್ತಾರೆ. ಕೆಲವರಿಗೆ ಕನ್ನಡವೇ ಬರಲ್ಲ.

ಮೊದಲು ಗೋಡೆಗೆ ಚಾರ್ಟ್ ಅಂಟಿಸಿದೆವು. ಹಬೆಗೆ ಅದು ತಿಂಗಳಲ್ಲಿ ಸುಲಿದು ಬಂತು. ಆಮೇಲೆ ಕೇಟರಿಂಗ್ ಕಂಪನಿಯವರು ಒಂದು ಗಂಟೆಯ ಟ್ರೈನಿಂಗ್ ಇಟ್ಟರು. ಹುಡುಗರು ಕುರ್ಚಿಯಲ್ಲೇ ತೂಕಡಿಸಿದರು. ತಪ್ಪಿಗೆ ಐವತ್ತು ರೂಪಾಯಿ ದಂಡ ಅಂತಲೂ ಮಾಡಿ ನೋಡಿದರು. ಅದು ಇನ್ನೂ ಕೆಟ್ಟದ್ದಾಯಿತು. ಸುಟ್ಟ ಕೈಯನ್ನು ಏಪ್ರನ್ ಒಳಗೆ ಬಚ್ಚಿಟ್ಟುಕೊಂಡು ಕೆಲಸ ಮಾಡತೊಡಗಿದರು.

ನನ್ನ ದಾರಿ ಬೇರೆ. ಕೂರಿಸುವುದಿಲ್ಲ. ಬಾಣಲೆ ಸುತ್ತ ನಿಲ್ಲಿಸುತ್ತೇನೆ, ಒಮ್ಮೆಗೆ ನಾಲ್ಕೇ ಜನ. ಹತ್ತು ನಿಮಿಷ ದಾಟುವುದಿಲ್ಲ. ಒಂದು ಮಾತು ಹೇಳಿದರೆ ಒಂದು ಕೆಲಸ ಅವರ ಕೈಯಲ್ಲೇ ಮಾಡಿಸುತ್ತೇನೆ.

ಶುರು ಮಾಡುವುದು ಹೀಗೆ: ‘ನೋಡ್ರಪ್ಪಾ, ಈ ಎಣ್ಣೆ ನೀರಿನ ಹಾಗೆ ಕುದಿಯಲ್ಲ, ಸುಮ್ನೆ ಇರುತ್ತೆ. ಸುಮ್ನೆ ಇದೆ ಅಂತ ನಂಬಬೇಡಿ. ನೀರು ನೂರು ಡಿಗ್ರಿಗೆ ಕುದಿಯುತ್ತೆ. ಇದು ಈಗ ನೂರಾ ಎಂಬತ್ತರ ಹತ್ತಿರ ಇದೆ.’

ಆಮೇಲೆ ನೀರಿನ ಪಾಠ. ಒಂದು ಸಣ್ಣ ಬಾಣಲೆಯಲ್ಲಿ ಅರ್ಧ ಇಂಚು ಎಣ್ಣೆ ಕಾಯಿಸಿ, ಗ್ಯಾಸ್ ಆರಿಸಿ, ಕೆಳಗೆ ನೆಲದ ಮೇಲೆ ಹಳೇ ಪೇಪರ್ ಹಾಸುತ್ತೇನೆ. ಹುಡುಗರನ್ನು ಗೋಡೆಯವರೆಗೆ ಹಿಂದೆ ಕಳಿಸಿ, ಉದ್ದ ಹಿಡಿಯ ಜಾರವನ್ನು ನೀರಲ್ಲಿ ಅದ್ದಿ, ಕೊಡವಿ, ಎಣ್ಣೆಗೆ ಇಳಿಸುತ್ತೇನೆ. ಕೊಡವಿದ ಜಾರದಲ್ಲಿ ಉಳಿಯುವುದು ನಾಲ್ಕಾರು ಹನಿ. ಆದರೂ ಪಟಪಟ ಅಂದಾಗ ಎಲ್ಲರೂ ಬೆಚ್ಚುತ್ತಾರೆ. ನೀರಿನ ಹನಿ ತಳಕ್ಕೆ ಹೋಗಿ ಒಂದೇ ಸಲಕ್ಕೆ ಹಬೆಯಾಗಿ ಸಾವಿರದಾರುನೂರು ಪಟ್ಟು ಉಬ್ಬುತ್ತದೆ, ಮೇಲಿನ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಅದನ್ನು ನಾನು ಬಾಯಲ್ಲಿ ಹೇಳುವುದೇ ಇಲ್ಲ. ಪೇಪರ್ ಎತ್ತಿ ತೋರಿಸುತ್ತೇನೆ. ಎರಡು, ಎರಡೂವರೆ ಅಡಿ ದೂರದವರೆಗೆ ಎಣ್ಣೆಯ ಚುಕ್ಕೆ. ‘ನಿಮ್ಮ ಕಣ್ಣು ಎಷ್ಟು ದೂರದಲ್ಲಿರುತ್ತೆ?’ ಅಂತ ಮಾತ್ರ ಕೇಳುತ್ತೇನೆ. ಭಾಷೆ ಬಾರದವನಿಗೂ ಅರ್ಥ ಆಗುತ್ತದೆ. ಅದೇ ಚುಕ್ಕೆಗಳು ನೆಲದ ಮೇಲೆ ಬಿದ್ದರೆ ಕಾಲು ಜಾರುತ್ತದೆ ಅಂತ ಅವರೇ ಹೇಳಿಬಿಡುತ್ತಾರೆ. ಇದನ್ನು ದೊಡ್ಡ ಬಾಣಲೆಯಲ್ಲಿ ಯಾರೂ ಮಾಡಬೇಡಿ.

ಮುಂದೆ ಬಿಡುವ ಕ್ರಮ. ಹೊಸಬರು ಹೆದರಿ ಮೇಲಿಂದ ಬಜ್ಜಿ ಎಸೆಯುತ್ತಾರೆ. ಹೆದರಿಕೆಯೇ ಸಿಡಿಸುತ್ತದೆ. ತಣ್ಣನೆ ಬಾಣಲೆಯಲ್ಲಿ ನೀರು ಹಾಕಿ ಆಲೂಗಡ್ಡೆ ಚೂರು ಬಿಡಿಸುತ್ತೇನೆ. ಅಂಚಿನ ಹತ್ತಿರ ಕೈ ತಗ್ಗಿಸಿ, ತನ್ನಿಂದ ಆಚೆಗೆ ಜಾರಿಸಬೇಕು. ‘ಬುಳಕ್’ ಅಂತ ಸದ್ದು ಬಂದರೆ ಮತ್ತೆ ಮಾಡು. ಸದ್ದಿಲ್ಲದೆ ಬಿಡುವವರೆಗೆ ಬಿಸಿ ಎಣ್ಣೆಯ ಹತ್ತಿರ ಸೇರಿಸುವುದಿಲ್ಲ. ಮೆಣಸಿನಕಾಯಿ ಸೀಳದೆ ಹಿಟ್ಟಿನಲ್ಲಿ ಅದ್ದಿದರೆ ಒಳಗಿನ ಹಬೆಗೆ ಸಿಡಿಯುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ಹುಡುಗರಿಗೆ ಗೊತ್ತಿರಲ್ಲ, ಹೇಳಲೇಬೇಕು.

ಬೆಂಕಿಯ ವಿಷಯ ಚಿಕ್ಕದು. ಎಣ್ಣೆ ಹೊಗೆಯಾಡಿದರೆ ಗ್ಯಾಸ್ ಆರಿಸು. ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಜಾರಿಸು. ನೀರು ಬೇಡ, ಬಾಣಲೆ ಎತ್ತಿಕೊಂಡು ಓಡಬೇಡ. ಮುಚ್ಚಳವನ್ನು ಗುರಾಣಿಯ ಹಾಗೆ ತನ್ನ ಕಡೆಯಿಂದ ಆಚೆಗೆ ತಳ್ಳುತ್ತಾ ಮುಚ್ಚಬೇಕು, ಎಣ್ಣೆ ತಣಿಯುವವರೆಗೆ ತೆಗೆದು ನೋಡಬಾರದು. ತೆಗೆದರೆ ಮತ್ತೆ ಹತ್ತಿಕೊಳ್ಳುತ್ತದೆ. ತಣ್ಣನೆ ಬಾಣಲೆಯಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಮಾಡಿಸುತ್ತೇನೆ. ನಮ್ಮ ಮುಚ್ಚಳ ಮೊದಲು ಒಲೆಯ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಬೆಂಕಿ ದಾಟಿ ಯಾರು ತರುತ್ತಾರೆ? ಈಗ ಪಕ್ಕದ ಕಂಬದ ಮೇಲಿದೆ.

ಮಸಿಬಟ್ಟೆ ಮೇಲೆ ನನ್ನ ಜಗಳ ಹಳೆಯದು. ಒದ್ದೆ ಮಸಿಬಟ್ಟೆಯಲ್ಲಿ ಕಾದ ಡಬರಿ ಹಿಡಿದರೆ ಆ ನೀರೇ ಹಬೆಯಾಗಿ ಅಂಗೈ ಸುಡುತ್ತದೆ, ಡಬರಿ ಕೈಬಿಡುತ್ತದೆ. ಅದೇ ಬಟ್ಟೆಯಲ್ಲಿ ಕಟ್ಟೆ ಒರೆಸಿ, ಕೈ ಒರೆಸಿ, ಕೊನೆಗೆ ತಟ್ಟೆಯನ್ನೂ ಒರೆಸುತ್ತಾರೆ. ಅದಕ್ಕೆ ಬಣ್ಣ ಬೇರೆ ಮಾಡಿದೆ. ಪಾತ್ರೆ ಹಿಡಿಯಲು ದಪ್ಪ ಬಿಳಿ ಬಟ್ಟೆ, ಯಾವಾಗಲೂ ಒಣಗಿರಬೇಕು. ಕಟ್ಟೆಗೆ ನೀಲಿ. ತಟ್ಟೆಗೆ ಬಟ್ಟೆಯೇ ಇಲ್ಲ, ಬಿಸಿನೀರಲ್ಲಿ ತೊಳೆದು ಸ್ಟ್ಯಾಂಡಿನಲ್ಲಿ ಒಣಗಬೇಕು. ಬಟ್ಟೆಗೆ ತಿಂಗಳಿಗೆ ಏಳೆಂಟುನೂರು ರೂಪಾಯಿ ಆಗುತ್ತದೆ. ಸೂಪರ್‌ವೈಸರ್ ಗೊಣಗಿದರು. ಪ್ಲಾಸ್ಟಿಕ್ ಗ್ಲೌಸಿಗೆ ಅದರ ಮೂರರಷ್ಟು ಹೋಗುತ್ತಿತ್ತು, ಲೆಕ್ಕ ತೋರಿಸಿದೆ.

ಗ್ಲೌಸ್ ನಿಲ್ಲಿಸಿದ್ದಕ್ಕೆ ನನಗೆ ಬೈದವರೇ ಜಾಸ್ತಿ. ಒಲೆಯ ಹತ್ತಿರ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬಡಿಸುವ ಕಡೆ, ಅದನ್ನು ಹಾಕಿಕೊಂಡೇ ತಲೆ ಕೆರೆದು, ಮೊಬೈಲ್ ಮುಟ್ಟಿ, ಮತ್ತೆ ಚಪಾತಿ ಎತ್ತುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕೈ ಕೊಳೆ ಆದರೆ ಗೊತ್ತಾಗುತ್ತದೆ, ಗ್ಲೌಸ್ ಕೊಳೆ ಆದರೆ ಗೊತ್ತಾಗಲ್ಲ. ನಾನು ಹೇಳುವುದು ಇಷ್ಟೇ: ‘ಬೆಂದಿದ್ದನ್ನು ಕೈ ಮುಟ್ಟಬಾರದು. ಸೌಟು, ಇಕ್ಕಳ, ಚಮಚ.’ ಚಟ್ನಿ, ಕೋಸಂಬರಿ, ಮೊಸರನ್ನ ಮತ್ತೆ ಒಲೆ ಕಾಣುವುದಿಲ್ಲ, ಅದಕ್ಕೆ ಅವುಗಳಲ್ಲಿ ಇನ್ನೂ ಬಿಗಿ. ಬೆರಳಲ್ಲಿ ಕೀವು ಕಟ್ಟಿದ ಗಾಯ ಇದ್ದವನನ್ನು ಅಡುಗೆಗೆ ಬಿಡದೆ ಗೋಡೌನಿಗೆ ಕಳಿಸುತ್ತೇನೆ, ಸಂಬಳ ಕಡಿತ ಇಲ್ಲ. ಆ ಗಾಯದ ಕ್ರಿಮಿ ಆಹಾರದಲ್ಲಿ ಬಿಡುವ ವಿಷ ಆಮೇಲೆ ಕುದಿಸಿದರೂ ಪೂರ್ತಿ ಹೋಗಲ್ಲ. ಸಂಬಳ ಕಡಿಯದ ಮೇಲೆ ಹುಡುಗರು ತಾವೇ ಬಂದು ಗಾಯ ತೋರಿಸುತ್ತಾರೆ.

ಕೈ ತೊಳೆಸುವುದಕ್ಕೆ ಒಂದು ಆಟ ಹುಡುಕಿದೆ. ಮೊದಲು ಅರಿಶಿನ ಎಣ್ಣೆ ಹಚ್ಚಿಸಿ ಸೋಪಿನಲ್ಲಿ ತೊಳೆಯಲು ಹೇಳಿದೆ. ಸೋಪು ತಾಗಿ ಕೆಂಪಾಯಿತು, ಹುಡುಗರು ನಕ್ಕರು, ಆದರೆ ಚೆನ್ನಾಗಿ ತೊಳೆದವನ ಕೈಯಲ್ಲೂ ಹಳದಿ ಉಳಿಯಿತು. ಕೆಲಸಕ್ಕೆ ಬರಲಿಲ್ಲ. ಆಮೇಲೆ ತವೆಯ ತಳದ ಮಸಿ ಎಣ್ಣೆಗೆ ಕಲಸಿದೆ. ಸುಮ್ನೆ ನೀರಲ್ಲಿ ತೊಳೆದವನ ಹೆಬ್ಬೆರಳ ಬುಡ, ಉಗುರಿನ ಸಂದು ಕಪ್ಪಾಗಿಯೇ ಇರುತ್ತದೆ. ಇಪ್ಪತ್ತು ಎಣಿಸುವವರೆಗೆ ಸೋಪಿನಲ್ಲಿ ಉಜ್ಜಿದರೆ ಹೋಗುತ್ತದೆ. ಉಂಗುರದ ಕೆಳಗೆ ಉಳಿದ ಮಸಿ ನೋಡಿದ ಮೇಲೆ ಉಂಗುರ ತೆಗೆಯಿರಿ ಅಂತ ನಾನು ಹೇಳಬೇಕಾಗಿಲ್ಲ.

ಕೊನೆಗೆ ಸುಟ್ಟರೆ ಏನು ಅನ್ನೋದು. ಪೇಸ್ಟ್, ಇಂಕು, ಐಸು ಯಾವುದೂ ಬೇಡ. ಬಳೆ, ದಾರ ತೆಗೆದು ನಲ್ಲಿ ಕೆಳಗೆ ಇಪ್ಪತ್ತು ನಿಮಿಷ, ಆಮೇಲೆ ನನಗೆ ತೋರಿಸು. ಇಪ್ಪತ್ತು ನಿಮಿಷ ಅಂದರೆ ಒಂದು ಘಾಣ ವಡೆ ಹೋಯಿತು ಅಂತ ಸೂಪರ್‌ವೈಸರ್ ಲೆಕ್ಕ ಹಾಕಿದರು. ಅದರ ಹಿಂದಿನ ವರ್ಷ ಒಬ್ಬನ ಮುಂಗೈಗೆ ಆಸ್ಪತ್ರೆ ಬಿಲ್ಲು ಹನ್ನೆರಡು ಸಾವಿರದ ಹತ್ತಿರ ಬಂದಿತ್ತು, ಅವನು ಒಂದೂವರೆ ತಿಂಗಳು ಬರಲಿಲ್ಲ. ಅದು ಅವರಿಗೂ ನೆನಪಿತ್ತು, ಸುಮ್ಮನಾದರು.

ಒಂದೂವರೆ ವರ್ಷದಿಂದ ಚಿಕ್ಕ ಬೊಬ್ಬೆಗಿಂತ ದೊಡ್ಡದು ಯಾರಿಗೂ ಆಗಿಲ್ಲ. ಇನ್ನೂ ಸರಿಹೋಗದ್ದು ರಾತ್ರಿ ಎಣ್ಣೆ ಸೋಸುವ ಕೆಲಸ. ಬಸ್ಸಿನ ಗಡಿಬಿಡಿಯಲ್ಲಿ ಹುಡುಗರು ಬಿಸಿ ಇರುವಾಗಲೇ ಬಾಣಲೆ ಎತ್ತಲು ಹೋಗುತ್ತಾರೆ. ಸದ್ಯಕ್ಕೆ ಆ ಕೆಲಸವನ್ನು ಬೆಳಗಿನ ಶಿಫ್ಟಿಗೆ ಹಾಕಿದ್ದೇನೆ. ರಾತ್ರಿ ಮುಚ್ಚಳ ಹಾಕಿ ಬಿಟ್ಟು ಹೋಗುವುದು, ಐದು ಗಂಟೆಗೆ ಬಂದವರು ಸೋಸುವುದು.