ಆರು ಫ್ಯಾನ್, ಎರಡು ಹೆಡರ್: ಯಾವುದನ್ನು ಎಲ್ಲಿ ಸಿಕ್ಕಿಸಬೇಕು?

ಕ್ಯಾಬಿನೆಟ್ ಫ್ಯಾನಿಗೆಂದು ಮದರ್‌ಬೋರ್ಡಿನಲ್ಲಿ ಎರಡೋ ಮೂರೋ ಹೆಡರ್, ಅಂದರೆ ಫ್ಯಾನಿನ ವೈರ್ ಸಿಕ್ಕಿಸುವ ಪಿನ್ನುಗಳ ಸಾಲು, ಇರುತ್ತವೆ. ಕ್ಯಾಬಿನೆಟ್ಟಿನೊಳಗೆ ಐದಾರು ಫ್ಯಾನ್ ಹಿಡಿಸುತ್ತವೆ. ಈ ಲೆಕ್ಕ ಸರಿದೂಗಿಸಲು ಒಂದು ಫ್ಯಾನ್ ಹಬ್ ತಂದು, ಇದ್ದಬದ್ದ ಫ್ಯಾನುಗಳನ್ನೆಲ್ಲ ಅದಕ್ಕೆ ಸಿಕ್ಕಿಸಿ ಕಂಪ್ಯೂಟರ್ ಚಾಲೂ ಮಾಡಿದರೆ, ನಾಲ್ಕು ಫ್ಯಾನ್ ಹೇಳಿದಂತೆ ಕೇಳುತ್ತವೆ. ಇನ್ನೆರಡು ಮಾತ್ರ ಯಾರಿಗೂ ಜಗ್ಗದೆ ಪೂರ್ತಿ ವೇಗದಲ್ಲಿ ಮೊರೆಯುತ್ತಿರುತ್ತವೆ. ಫ್ಯಾನ್ ಕೆಟ್ಟಿಲ್ಲ, ಹಬ್ಬೂ ಕೆಟ್ಟಿಲ್ಲ. ಆ ಎರಡು ಫ್ಯಾನುಗಳ ವೈರಿನ ತುದಿ ನೋಡಿ: ನಾಲ್ಕು ತೂತಿನ ಬದಲು ಮೂರೇ ಇರುತ್ತವೆ.

ಮೂರು ಪಿನ್ನಿನ ಫ್ಯಾನಿನಲ್ಲಿ ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್ ವಿದ್ಯುತ್. ಮೂರನೆಯದರ ಕೆಲಸ ವೇಗವನ್ನು ವರದಿ ಮಾಡುವುದಷ್ಟೇ. ಫ್ಯಾನ್ ಒಂದು ಸುತ್ತು ಹಾಕಿದರೆ ಆ ವೈರಿನಲ್ಲಿ ಎರಡು ಮಿಡಿತ ಬರುತ್ತವೆ. ಬೋರ್ಡ್ ಅವನ್ನು ಎಣಿಸುತ್ತದೆ. ಸೆಕೆಂಡಿಗೆ 40 ಮಿಡಿತ ಎಂದರೆ ನಿಮಿಷಕ್ಕೆ 1200 ಸುತ್ತು. ವೇಗ ತಗ್ಗಿಸು ಎಂದು ಫ್ಯಾನಿಗೆ ಹೇಳುವ ವೈರೇ ಇಲ್ಲಿಲ್ಲ. ಹಾಗಾಗಿ ಬೋರ್ಡಿಗೆ ಇರುವ ದಾರಿ ಒಂದೇ: 12 ವೋಲ್ಟನ್ನು 9ಕ್ಕೋ 7ಕ್ಕೋ ಇಳಿಸುವುದು. ಇಳಿಸುವುದಕ್ಕೂ ಮಿತಿಯುಂಟು. ಸುಮಾರು 5 ವೋಲ್ಟಿಗಿಂತ ಕೆಳಗೆ ಹಲವು ಫ್ಯಾನುಗಳು ತಿರುಗಲು ಶುರುಮಾಡುವುದೇ ಇಲ್ಲ.

ನಾಲ್ಕನೆಯ ಪಿನ್ ಬಂದದ್ದು ಈ ತೊಡಕಿಗಾಗಿ. ಇಲ್ಲಿ 12 ವೋಲ್ಟ್ ಸದಾ ಪೂರ್ತಿಯಾಗಿಯೇ ಹರಿಯುತ್ತದೆ. ವೇಗದ ಆದೇಶ ನಾಲ್ಕನೆಯ ವೈರಿನಲ್ಲಿ ಬೇರೆಯಾಗಿ ಬರುತ್ತದೆ. ಸೆಕೆಂಡಿಗೆ ಸುಮಾರು 25,000 ಬಾರಿ ಆನ್ ಆಫ್ ಆಗುವ ಈ ಸಂಕೇತಕ್ಕೆ ಪಿಡಬ್ಲ್ಯೂಎಂ ಎಂದು ಹೆಸರು. ಪ್ರತಿ ಆವರ್ತನೆಯಲ್ಲಿ ಎಷ್ಟು ಹೊತ್ತು ಆನ್ ಇತ್ತು ಎಂಬುದನ್ನು ನೋಡಿ ಫ್ಯಾನಿನೊಳಗಿನ ಚಿಪ್ಪು ತನ್ನ ಮೋಟಾರನ್ನು ಓಡಿಸುತ್ತದೆ. ಸಂಕೇತವೇ ಬಾರದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲಿ ಓಡಬೇಕೆಂದು ನಿಯಮ. ಗದ್ದಲವಾದರೂ ಸರಿ, ಬಿಸಿಯಾಗಬಾರದು ಎಂಬ ಎಚ್ಚರಿಕೆ ಅದು. ಒಳ್ಳೆಯ ನಿಯಮವೇ, ಆದರೆ ಹಬ್ ವಿಷಯದಲ್ಲಿ ಇದೇ ಕಿರಿಕಿರಿಯ ಮೂಲ.

ಸಾಮಾನ್ಯ ಪಿಡಬ್ಲ್ಯೂಎಂ ಹಬ್ಬಿಗೆ ಎರಡು ಬಾಲಗಳಿರುತ್ತವೆ. ಒಂದು ಪವರ್ ಸಪ್ಲೈನ ಸಾಟಾ ಕೇಬಲ್ಲಿಗೆ ಸೇರಿ 12 ವೋಲ್ಟ್ ತರುತ್ತದೆ. ಇನ್ನೊಂದು ಮದರ್‌ಬೋರ್ಡಿನ ಹೆಡರಿಗೆ ಸೇರುತ್ತದೆ. ಅದು ತರುವುದು ನಾಲ್ಕನೆಯ ಪಿನ್ನಿನ ಆದೇಶವನ್ನು ಮಾತ್ರ. ಅಂದರೆ ಹಬ್ಬಿನ ಪ್ರತಿ ಕಿಂಡಿಯಲ್ಲೂ ವೋಲ್ಟೇಜ್ ಯಾವಾಗಲೂ 12. ಆದೇಶ ಕೇಳುವ ವೈರಿಲ್ಲದ ಮೂರು ಪಿನ್ ಫ್ಯಾನಿಗೆ ಅಲ್ಲಿ ನಿಧಾನವಾಗಲು ಕಾರಣವೇ ಸಿಗುವುದಿಲ್ಲ. ಆದೇಶಕ್ಕೆ ತಕ್ಕಂತೆ ವೋಲ್ಟೇಜನ್ನೇ ಇಳಿಸಿಕೊಡುವ ಹಬ್ಬುಗಳೂ ಇವೆ. ಹಾಗಿದ್ದರೆ ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ. ಬರೆದಿಲ್ಲವಾದರೆ ಇಲ್ಲ ಎಂದುಕೊಳ್ಳುವುದೇ ಕ್ಷೇಮ.

ಈಗ ಕೆಲಸಕ್ಕೆ ಇಳಿಯೋಣ. ನಾಲ್ಕು ಪಿನ್ನಿನ ಫ್ಯಾನುಗಳು ಮುಂದುಗಡೆ ಮೂರು, ಹಿಂದುಗಡೆ ಒಂದು. ಮೇಲ್ಗಡೆ ಮೂರು ಪಿನ್ನಿನ ಹಳೆಯ ಫ್ಯಾನ್ ಎರಡು ಇವೆಯೆನ್ನಿ. ಬೋರ್ಡಿನಲ್ಲಿ ನಾಲ್ಕು ಪಿನ್ನಿನ CHA_FAN1, CHA_FAN2 ಎಂಬ ಎರಡು ಹೆಡರುಗಳಿವೆ. ಕೆಲವು ಬೋರ್ಡುಗಳಲ್ಲಿ ಇವಕ್ಕೆ SYS_FAN ಎಂಬ ಹೆಸರಿರುತ್ತದೆ.

ಮೊದಲು ಫ್ಯಾನಿನ ನಡುಭಾಗದ ಸ್ಟಿಕ್ಕರ್ ಓದಿ. ನಾಲ್ಕು ಪಿನ್ನಿನವುಗಳ ಮೇಲೆ 0.20 ಆಂಪಿಯರ್, ಹಳೆಯವುಗಳ ಮೇಲೆ 0.25 ಎಂದಿದ್ದರೆ ಒಟ್ಟು 1.3 ಆಂಪಿಯರ್. ಒಂದು ಹೆಡರ್ ಸಾಮಾನ್ಯವಾಗಿ ಕೊಡಬಲ್ಲದ್ದು 1 ಆಂಪಿಯರ್. ಆದ್ದರಿಂದ ಒಂದು ಹೆಡರನ್ನು ಹಲವು ಫ್ಯಾನುಗಳಿಗೆ ಕವಲೊಡೆಸುವ ಸ್ಪ್ಲಿಟರ್ ವೈರ್ ಹಾಕಿ ಆರನ್ನೂ ಒಂದೇ ಹೆಡರಿಗೆ ನೇತುಹಾಕುವ ಯೋಚನೆ ಬಿಡಿ. ಸಾಟಾ ಬಾಲವಿಲ್ಲದ ಹಬ್ ಕೂಡ ವಾಸ್ತವದಲ್ಲಿ ಸ್ಪ್ಲಿಟರೇ. ಅದರ ಹೊರೆಯೆಲ್ಲ ಹೆಡರಿನ ಮೇಲೆಯೇ ಬೀಳುತ್ತದೆ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್ನುಗಳು ಒಟ್ಟು 4.5 ಆಂಪಿಯರ್ ತಾಳುವುದರಿಂದ ಅಲ್ಲಿ ಈ ಚಿಂತೆಯಿಲ್ಲ.

ಪವರ್ ಸಪ್ಲೈ ಆಫ್ ಮಾಡಿ, ನಾಲ್ಕು ಪಿನ್ನಿನ ನಾಲ್ಕೂ ಫ್ಯಾನುಗಳನ್ನು ಹಬ್ಬಿಗೆ ಸಿಕ್ಕಿಸಿ, ಹಬ್ಬಿಗೆ ಸಾಟಾ ಕೊಟ್ಟು, ಅದರ ಇನ್ನೊಂದು ಬಾಲವನ್ನು CHA_FAN1ಗೆ ಸೇರಿಸಿ. ಹಳೆಯ ಎರಡನ್ನು ಒಂದು ಸ್ಪ್ಲಿಟರ್ ಮೂಲಕ CHA_FAN2ಗೆ ಕೊಡಿ. ಎರಡೂ ಸೇರಿ 0.5 ಆಂಪಿಯರ್, ಹೆಡರಿಗೆ ಭಾರವಲ್ಲ. ಮೂರು ತೂತಿನ ಕನೆಕ್ಟರ್ ನಾಲ್ಕು ಪಿನ್ನಿನ ಹೆಡರಿಗೆ ಸರಿಯಾಗಿಯೇ ಕೂರುತ್ತದೆ. ಹೆಡರಿನ ಹಿಂದಿನ ಪ್ಲಾಸ್ಟಿಕ್ ಪಟ್ಟಿ ಮೊದಲ ಮೂರು ಪಿನ್ನುಗಳ ಬೆನ್ನಿಗಷ್ಟೇ ಇರುತ್ತದೆ. ಕನೆಕ್ಟರಿನ ಎರಡು ಏಣುಗಳು ಆ ಪಟ್ಟಿಯನ್ನು ತಬ್ಬಿಕೊಳ್ಳುತ್ತವೆ, ನಾಲ್ಕನೆಯ ಪಿನ್ ಹೊರಗೆ ಒಂಟಿಯಾಗಿ ಉಳಿಯುತ್ತದೆ. ಬಲ ಹಾಕಬೇಕೆನಿಸಿದರೆ ಕನೆಕ್ಟರ್ ತಿರುಗುಮುರುಗಾಗಿದೆ ಎಂದೇ ಅರ್ಥ.

ಹಬ್ಬಿನಲ್ಲಿ ಒಂದು ಕಿಂಡಿಗೆ ಬೇರೆ ಬಣ್ಣ ಅಥವಾ 1 ಎಂಬ ಗುರುತಿರುತ್ತದೆ. ವೇಗದ ವರದಿ ಬೋರ್ಡಿಗೆ ಹೋಗುವುದು ಆ ಕಿಂಡಿಯ ಫ್ಯಾನಿನದು ಮಾತ್ರ. ನಾಲ್ಕು ಫ್ಯಾನುಗಳ ಮಿಡಿತ ಒಂದೇ ವೈರಿನಲ್ಲಿ ಬೆರೆತರೆ ಎಣಿಕೆಗೆ ಅರ್ಥವೇ ಇರುವುದಿಲ್ಲ. ಆ ಕಿಂಡಿಯನ್ನು ಖಾಲಿ ಬಿಟ್ಟರೆ ಪರದೆಯ ಮೇಲೆ ವೇಗ ಸೊನ್ನೆ ಎಂದು ಕಾಣುತ್ತದೆ. ಹಬ್ಬನ್ನು ಪ್ರೊಸೆಸರಿನ ಫ್ಯಾನಿಗೆಂದಿರುವ CPU_FAN ಹೆಡರಿಗೆ ಹಾಕಿದ್ದರಂತೂ ಫ್ಯಾನುಗಳೆಲ್ಲ ತಿರುಗುತ್ತಿದ್ದರೂ ಹಲವು ಬೋರ್ಡುಗಳು ದೋಷವಿದೆಯೆಂದು ಬೂಟ್ ಆಗುವಾಗಲೇ ತಡೆದು ನಿಲ್ಲಿಸುತ್ತವೆ.

ವೈರ್ ಜೋಡಿಸಿದರೆ ಅರ್ಧ ಕೆಲಸವಾಯಿತು. ಮಿಕ್ಕರ್ಧ ಬಯೋಸಿನಲ್ಲಿದೆ. ಫ್ಯಾನ್ ಸೆಟ್ಟಿಂಗಿಗೆ ಹೋಗಿ CHA_FAN1ಕ್ಕೆ PWM, CHA_FAN2ಕ್ಕೆ DC ಎಂದು ನೀವೇ ಆರಿಸಿ. DC ಎಂದರೆ ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ವಿಧಾನ. Auto ಎಂದು ಬಿಟ್ಟರೆ ಬೋರ್ಡ್ ಊಹೆ ಮಾಡುತ್ತದೆ, ಹಬ್ ಇದ್ದಾಗ ಆ ಊಹೆ ತಪ್ಪುವುದುಂಟು. ಹಬ್ ಇರುವ ಹೆಡರ್ DC ಆಗಿಬಿಟ್ಟರೆ ಬೋರ್ಡ್ ವೋಲ್ಟೇಜ್ ಇಳಿಸುತ್ತಲೇ ಇರುತ್ತದೆ, ಸಾಟಾದಿಂದ ಉಣ್ಣುವ ಹಬ್ಬಿಗೆ ಅದು ತಟ್ಟುವುದೇ ಇಲ್ಲ, ನಾಲ್ಕೂ ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತವೆ. CHA_FAN2 ತಪ್ಪಿ PWM ಆದರೆ ಹಳೆಯ ಎರಡರ ಕಥೆಯೂ ಅದೇ.

ಪರೀಕ್ಷಿಸುವುದು ಸುಲಭ. ಹಬ್ಬಿನ ಹೆಡರನ್ನು 40 ಶೇಕಡಾಕ್ಕೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು 100ಕ್ಕೆ ಏರಿಸಿ, ಸದ್ದು ಏರಿಳಿಯಬೇಕು. ಎಲ್ಲ ಏರಿಳಿದು ಒಂದು ಫ್ಯಾನ್ ಮಾತ್ರ ಅದೇ ಸದ್ದು ಮಾಡುತ್ತಿದ್ದರೆ ಅದರ ಕನೆಕ್ಟರನ್ನು ಮತ್ತೆ ನೋಡಿ.

DC ಕಡೆಗೆ ತುಸು ಹೆಚ್ಚು ತಾಳ್ಮೆ ಬೇಕು. ಶೇಕಡಾವಾರನ್ನು ಐದೈದಾಗಿ ಇಳಿಸುತ್ತ ಹೋಗಿ, ಎರಡರಲ್ಲಿ ಒಂದು ಫ್ಯಾನ್ ನಿಂತಾಗ ಆ ಅಂಕಿ ಬರೆದುಕೊಳ್ಳಿ. ಆಮೇಲೆ ಅಲ್ಲಿಂದ ಮೇಲಕ್ಕೆ ಬನ್ನಿ. ನಿಂತ ಫ್ಯಾನ್ ಅದೇ ಅಂಕಿಯಲ್ಲಿ ಮತ್ತೆ ಹೊರಡುವುದಿಲ್ಲ, ಏಕೆಂದರೆ ತಿರುಗುತ್ತಿರುವುದನ್ನು ಉಳಿಸಿಕೊಳ್ಳುವುದಕ್ಕಿಂತ ನಿಂತದ್ದನ್ನು ಹೊರಡಿಸಲು ಹೆಚ್ಚು ವೋಲ್ಟೇಜ್ ಬೇಕು. 35ಕ್ಕೆ ನಿಂತದ್ದು 45ಕ್ಕೆ ಹೊರಟಿತು ಎಂದಾದರೆ ಕನಿಷ್ಠ ವೇಗವನ್ನು 50ಕ್ಕೆ ಕಟ್ಟಿ. ಇದನ್ನು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆರೆದು, ಕಣ್ಣಿನಿಂದ ನೋಡಿಯೇ ಮಾಡಬೇಕು: ಸ್ಪ್ಲಿಟರಿನಲ್ಲೂ ವರದಿ ಕೊಡುವುದು ಒಂದೇ ಫ್ಯಾನ್, ಇನ್ನೊಂದು ನಿಂತರೂ ಪರದೆಗೆ ಗೊತ್ತಾಗುವುದಿಲ್ಲ. ಹಬ್ಬಿನ ಗುರುತಿಲ್ಲದ ಮೂರು ಕಿಂಡಿಗಳ ಸ್ಥಿತಿಯೂ ಇದೇ. ಹಾಗಾಗಿ ಕಂಪ್ಯೂಟರ್ ಎಂದಿಗಿಂತ ಬಿಸಿಯಾಗಿದೆ ಅನ್ನಿಸಿದರೆ ಪರದೆಯ ಅಂಕಿ ಸರಿಯಾಗಿದ್ದರೂ ಟಾರ್ಚ್ ಹಿಡಿದು ಆರೂ ಫ್ಯಾನುಗಳನ್ನು ಒಮ್ಮೆ ನೋಡಿ.